ಕೇರಂ ಆಡುವುದು ಹೇಗೆ: ಜಗಳವೆಲ್ಲ ರೆಡ್ ಕಾಯಿನ್‌ದೇ

ರಾಯಚೂರಿನ ಏಪ್ರಿಲ್–ಮೇ ಬಿಸಿಲು ಗೊತ್ತಲ್ವಾ? ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಓಣಿಯಲ್ಲಿ ನರಪಿಳ್ಳೆ ಕಾಣುವುದಿಲ್ಲ. ಆ ಹೊತ್ತಿನಲ್ಲಿ ಮನೆಯ ಪಡಸಾಲೆಯಲ್ಲಿ, ಅಂಗಡಿಯ ಹಿಂದಿನ ನೆರಳಲ್ಲಿ, ಬೇವಿನ ಮರದ ಕೆಳಗೆ ಕೇರಂ ಬೋರ್ಡ್ ಬೀಳುತ್ತದೆ. ಬಳ್ಳಾರಿ, ಕೊಪ್ಪಳದ ಕಡೆಯೂ ಇದೇ ಕತೆ. ಆಟಕ್ಕೆ ಕೂತ ಸ್ವಲ್ಪ ಹೊತ್ತಿಗೇ ಜಗಳ ಶುರು. ರೆಡ್ ಬಿತ್ತು, ಕವರ್ ಆಗಿಲ್ಲ. ಸ್ಟ್ರೈಕರ್ ಬಿತ್ತು, ಫೈನ್ ಎಷ್ಟು? ಬೋರ್ಡ್ ಮುಗೀತು, ರೆಡ್‌ನ ಪಾಯಿಂಟ್ ಯಾರಿಗೆ? ಓಣಿಗೊಂದು ನಿಯಮ ಇದೆ, ಮನೆಗೊಂದು ನಿಯಮ ಇದೆ. ಟೂರ್ನಮೆಂಟ್‌ನಲ್ಲಿ ಇರುವುದು ಒಂದೇ ನಿಯಮ. ಅದನ್ನು ಒಂದು ಸಲ ಸರಿಯಾಗಿ ತಿಳಿದುಕೊಂಡರೆ ಆಟದ ರುಚಿಯೇ ಬೇರೆ.

ಮನೆಗಳಲ್ಲಿ ಕರಿ ಕಾಯಿನ್‌ಗೆ 10, ಬಿಳಿಗೆ 20, ರೆಡ್‌ಗೆ 50 ಅಂತ ಲೆಕ್ಕ ಹಾಕಿ ಆಡುವ ಪಾಯಿಂಟ್ ಆಟವೇ ಬೇರೆ. ಅದರಲ್ಲಿ ಯಾರು ಯಾವ ಬಣ್ಣದ ಕಾಯಿನ್ ಬೇಕಾದರೂ ಹೊಡೆಯಬಹುದು. ಇಲ್ಲಿ ಹೇಳುತ್ತಿರುವುದು ಒಬ್ಬರಿಗೆ ಬಿಳಿ, ಇನ್ನೊಬ್ಬರಿಗೆ ಕರಿ ಅಂತ ಹಂಚಿಕೊಂಡು ಇಬ್ಬರು ಆಡುವ ಆಟ.

ಮೊದಲು ಜೋಡಿಸುವುದು

9 ಬಿಳಿ, 9 ಕರಿ, 1 ರೆಡ್. ರೆಡ್ ಅನ್ನು ನಟ್ಟನಡುವಿನ ಸಣ್ಣ ವೃತ್ತದ ಮೇಲೆ ಇಡಿ. ಅದರ ಸುತ್ತ ಬಿಳಿ, ಕರಿ, ಬಿಳಿ, ಕರಿ ಅಂತ ಆರು ಕಾಯಿನ್ ಅಂಟಿಸಿ. ಆ ಆರರ ಸುತ್ತ ಉಳಿದ ಹನ್ನೆರಡು. ಒಳಗಿನ ಪ್ರತಿ ಬಿಳಿ ಕಾಯಿನ್‌ನ ನೇರಕ್ಕೆ, ಅದರ ಹಿಂದೆ ಇನ್ನೊಂದು ಬಿಳಿ ಬರಬೇಕು. ಮೇಲಿನಿಂದ ನೋಡಿದರೆ ಬಿಳಿಯ ಮೂರು ಕವಲು ಕಾಣಬೇಕು. ಉಳಿದ ಜಾಗವನ್ನು ಒಂದು ಬಿಟ್ಟು ಒಂದು ತುಂಬಿ. ಮೊದಲು ಬ್ರೇಕ್ ಹೊಡೆಯುವವರಿಗೆ ಬಿಳಿ. ಮುಂದಿನ ಬೋರ್ಡ್‌ಗೆ ಬ್ರೇಕ್ ಎದುರಾಳಿಗೆ ಹೋಗುತ್ತದೆ, ಆಗ ಬಿಳಿಯೂ ಅವರಿಗೇ.

ಬೋರಿಕ್ ಪೌಡರ್ ಹಾಕುವ ಮೊದಲು ಬೋರ್ಡ್ ಅನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ನಮ್ಮ ಕಡೆ ಗಾಳಿಗೆ ಧೂಳು ಜಾಸ್ತಿ. ಧೂಳಿನ ಮೇಲೆ ಪೌಡರ್ ಹಾಕಿದರೆ ಸ್ಟ್ರೈಕರ್ ಓಡುವಾಗ ಕರಕರ ಅನ್ನುತ್ತದೆ, ಕಾಯಿನ್ ನಡುವೆಯೇ ನಿಂತುಬಿಡುತ್ತದೆ. ಹಾಗೆ ಸದ್ದು ಬಂದರೆ ಇನ್ನಷ್ಟು ಪೌಡರ್ ಸುರಿಯಬೇಡಿ. ಪೂರ್ತಿ ಒರೆಸಿ, ಹೊಸದಾಗಿ ಒಂದು ಚಿಟಿಕೆ ಹಾಕಿ.

ಸ್ಟ್ರೈಕರ್ ಇಡುವುದು, ಹೊಡೆಯುವುದು

ನಿಮ್ಮ ಮುಂದೆ ಎರಡು ಗೆರೆ ಇವೆ. ಸ್ಟ್ರೈಕರ್ ಆ ಎರಡೂ ಗೆರೆಗಳನ್ನು ಮುಟ್ಟಿರಬೇಕು. ಗೆರೆಯ ಎರಡು ತುದಿಯಲ್ಲಿ ಕೆಂಪು ವೃತ್ತ ಇದೆಯಲ್ಲ, ಅಲ್ಲೇ ಹೊಸಬರು ತಪ್ಪುವುದು. ಸ್ಟ್ರೈಕರ್ ಆ ವೃತ್ತವನ್ನು ಪೂರ್ತಿ ಮುಚ್ಚಬೇಕು, ಇಲ್ಲವೇ ಮುಟ್ಟಲೇಬಾರದು. ಅರ್ಧಂಬರ್ಧ ಇಟ್ಟು ಹೊಡೆದರೆ ಫೌಲ್.

ಸ್ಟ್ರೈಕರ್ ಅನ್ನು ಬೆರಳಿಂದ ಹೊಡೆಯಬೇಕು, ತಳ್ಳಬಾರದು. ಬೆರಳು ಸ್ಟ್ರೈಕರ್‌ಗೆ ಅಂಟಿಕೊಂಡು ಅದರ ಜೊತೆಗೇ ಮುಂದೆ ಹೋದರೆ ಅದು ತಳ್ಳಿದ್ದು. ಬೋರ್ಡ್‌ನ ಮೂಲೆಗಳಲ್ಲಿ ಬಾಣದ ಗೆರೆ ಇರುತ್ತವೆ. ಮೊಣಕೈ ಆ ಗೆರೆಯ ನೇರ ದಾಟಿ ಎದುರಾಳಿಯ ಪಕ್ಕಕ್ಕೆ ಹೋಗುವಂತಿಲ್ಲ. ಕುರ್ಚಿ ಜರುಗಿಸುವುದು, ಕಾಯಿನ್‌ಗೆ ಕೈ ತಾಗಿಸುವುದು ಇವೂ ಫೌಲ್. ಒಂದು ಹೊಡೆತಕ್ಕೆ 15 ಸೆಕೆಂಡ್ ಸಮಯ. ಓಣಿಯಲ್ಲಿ ಯಾರೂ ಗಡಿಯಾರ ನೋಡುವುದಿಲ್ಲ, ನಿಜ. ಆದರೆ ಎರಡು ನಿಮಿಷ ಕಣ್ಣು ಕಿರಿದು ಮಾಡಿ ಕೂರುವವರಿಗೆ ಈ ನಿಯಮ ನೆನಪಿಸಿದರೆ ತಪ್ಪಿಲ್ಲ.

ನಿಮ್ಮ ಕಾಯಿನ್ ಬಿದ್ದರೆ ನಿಮ್ಮ ಆಟ ಮುಂದುವರಿಯುತ್ತದೆ. ಎದುರಾಳಿಯ ಕಾಯಿನ್ ಮಾತ್ರ ಬಿದ್ದರೆ ಅದು ಫೌಲ್ ಅಲ್ಲ. ಆ ಕಾಯಿನ್ ಪಾಕೆಟ್‌ನಲ್ಲೇ ಇರುತ್ತದೆ, ಅದರ ಲಾಭ ಅವರಿಗೆ. ನಿಮ್ಮ ಸರದಿ ಮುಗಿಯಿತು, ಅಷ್ಟೇ. ಕಾಯಿನ್ ಹಾರಿ ಬೋರ್ಡ್‌ನಿಂದ ಆಚೆ ಬಿದ್ದರೆ ಅದನ್ನು ತಂದು ನಡುವಿನ ವೃತ್ತದ ಮೇಲೆ ಇಡಬೇಕು.

ಫೈನ್ ಎಷ್ಟು

ಸ್ಟ್ರೈಕರ್ ಒಂದೇ ಬಿದ್ದರೆ ನಿಮ್ಮ ಒಂದು ಕಾಯಿನ್ ಹೊರಗೆ ಬರುತ್ತದೆ, ಸರದಿಯೂ ಹೋಗುತ್ತದೆ. ಆ ಕಾಯಿನ್ ಅನ್ನು ನೀವು ಇಡುವಂತಿಲ್ಲ. ಎದುರಾಳಿಯೇ ದೊಡ್ಡ ವೃತ್ತದ ಒಳಗೆ ತನಗೆ ಬೇಕಾದ ಜಾಗದಲ್ಲಿ ಇಡುತ್ತಾರೆ. ನಿಮಗೆ ಸಿಗದ ಜಾಗ ನೋಡಿಯೇ ಇಡುತ್ತಾರೆ, ಅದು ಅವರ ಹಕ್ಕು. ನಿಮ್ಮ ಕಾಯಿನ್ ಇನ್ನೂ ಒಂದೂ ಬಿದ್ದಿಲ್ಲ ಅಂದ್ರೆ ಫೈನ್ ಮಾಫಿ ಆಗುವುದಿಲ್ಲ, ಬಾಕಿ ಇರುತ್ತದೆ. ಮುಂದೆ ನಿಮ್ಮ ಕಾಯಿನ್ ಬಿದ್ದಾಗ ತೆಗೆಯುತ್ತಾರೆ.

ಸ್ಟ್ರೈಕರ್ ಜೊತೆಗೆ ನಿಮ್ಮ ಕಾಯಿನ್ ಕೂಡ ಬಿದ್ದರೆ? ಓಣಿಯಲ್ಲಿ ಇದಕ್ಕೆ ನಾಲ್ಕು ಥರದ ಉತ್ತರ ಸಿಗುತ್ತದೆ. ಟೂರ್ನಮೆಂಟ್ ನಿಯಮ ಹೀಗಿದೆ: ಈಗ ಬಿದ್ದ ಕಾಯಿನ್ ಮತ್ತು ಫೈನಿನ ಒಂದು, ಒಟ್ಟು ಎರಡು ಹೊರಗೆ ಬರುತ್ತವೆ. ಆದರೆ ಸರದಿ ನಿಮ್ಮದೇ ಉಳಿಯುತ್ತದೆ. ‘ಸ್ಟ್ರೈಕರ್ ಬಿತ್ತು, ಎದ್ದೇಳು’ ಅಂತ ಯಾರಾದರೂ ಅಂದ್ರೆ ಏಳಬೇಡಿ.

ಸ್ಟ್ರೈಕರ್ ಜೊತೆಗೆ ಎದುರಾಳಿಯ ಕಾಯಿನ್ ಬಿದ್ದರೆ ಅವರದ್ದು ಒಳಗೇ ಇರುತ್ತದೆ. ನಿಮ್ಮದು ಒಂದು ಹೊರಗೆ, ಸರದಿಯೂ ಹೋಯಿತು.

ರೆಡ್ ಮತ್ತು ಕವರ್

ನಿಮ್ಮ ಒಂದು ಕಾಯಿನ್ ಆದರೂ ಮೊದಲು ಬಿದ್ದಿರಬೇಕು. ಆಮೇಲೆ ಮಾತ್ರ ರೆಡ್ ಮೇಲೆ ಹಕ್ಕು. ರೆಡ್ ಬಿದ್ದ ಮೇಲೆ ಅದೇ ಸರದಿಯ ಮುಂದಿನ ಒಂದೇ ಹೊಡೆತದಲ್ಲಿ ನಿಮ್ಮ ಬಣ್ಣದ ಕಾಯಿನ್ ಬೀಳಬೇಕು. ಬಿದ್ದರೆ ಕವರ್. ಬೀಳದಿದ್ದರೆ ರೆಡ್ ವಾಪಸ್ ನಡುವಿನ ವೃತ್ತಕ್ಕೆ, ಸರದಿ ಎದುರಾಳಿಗೆ. ಕವರ್ ಹೊಡೆಯುವಾಗ ಸ್ಟ್ರೈಕರ್ ಒಂದೇ ಬಿದ್ದರೆ ರೆಡ್ ಜೊತೆ ಫೈನಿನ ಕಾಯಿನ್ ಕೂಡ ಹೊರಗೆ ಬರುತ್ತದೆ. ಒಂದೇ ಹೊಡೆತಕ್ಕೆ ರೆಡ್ ಮತ್ತು ನಿಮ್ಮ ಕಾಯಿನ್ ಎರಡೂ ಬಿದ್ದರೆ ಕವರ್ ಆದಂತೆಯೇ, ಮತ್ತೊಂದು ಹೊಡೆಯಬೇಕಾಗಿಲ್ಲ.

ಹಾಗಾಗಿ ರೆಡ್ ಪಾಕೆಟ್ ಬಾಯಲ್ಲಿ ನಿಂತಿದೆ ಅಂತ ಸುಮ್ನೆ ಹೊಡೆಯಬೇಡಿ. ಮೊದಲು ಕವರ್‌ಗೆ ಯಾವ ಕಾಯಿನ್ ಅಂತ ನೋಡಿಕೊಳ್ಳಿ. ಪಾಕೆಟ್ ಹತ್ತಿರ ನಿಮ್ಮದೊಂದು ಸುಲಭದ ಕಾಯಿನ್ ಇದ್ದರೆ ಅದನ್ನು ಖರ್ಚು ಮಾಡದೆ ಕವರ್‌ಗೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ರೆಡ್ ಬೋರ್ಡ್ ಮೇಲೆ ಇರುವಾಗ ನಿಮ್ಮ ಕೊನೆಯ ಕಾಯಿನ್ ಹಾಕಿದರೆ ಬೋರ್ಡ್ ಸೋತಿರಿ. ಎದುರಾಳಿಯ ಕೊನೆಯ ಕಾಯಿನ್ ಹಾಕಿದರೂ ಸೋಲು ನಿಮ್ಮದೇ. ನಿಮ್ಮದು ಒಂದೇ ಉಳಿದಿದ್ದು, ರೆಡ್ ಇನ್ನೂ ಬಿದ್ದಿಲ್ಲ ಅಂದ್ರೆ ರೆಡ್ ಮೊದಲು, ಆಮೇಲೆ ಆ ಕೊನೆಯದರಿಂದ ಕವರ್. ಬೇರೆ ದಾರಿ ಇಲ್ಲ.

ಲೆಕ್ಕ: ಮಾವ–ಅಳಿಯನ ಎರಡು ಬೋರ್ಡ್

ಬೋರ್ಡ್ ಗೆದ್ದವರಿಗೆ ಮಾತ್ರ ಪಾಯಿಂಟ್. ಎದುರಾಳಿಯ ಎಷ್ಟು ಕಾಯಿನ್ ಬೋರ್ಡ್ ಮೇಲೆ ಉಳಿದಿವೆಯೋ ಅಷ್ಟು. ರೆಡ್ ಅನ್ನು ಗೆದ್ದವರೇ ಕವರ್ ಮಾಡಿದ್ದರೆ ಮೇಲೆ 3. ಸೋತವರು ಕವರ್ ಮಾಡಿದ್ದರೆ ಆ 3 ಯಾರಿಗೂ ಇಲ್ಲ. ಅಂದ್ರೆ ಒಂದು ಬೋರ್ಡ್‌ನಲ್ಲಿ ಹೆಚ್ಚೆಂದರೆ 12. ಮೊದಲು 25 ಮುಟ್ಟಿದವರು ಗೇಮ್ ಗೆದ್ದರು.

ರಾಯಚೂರಿನ ಒಂದು ಮನೆಯಲ್ಲಿ ಮಾವ, ಅಳಿಯ ಆಡುತ್ತಿದ್ದಾರೆ ಅಂದುಕೊಳ್ಳಿ. ಮಾವನದು 19, ಅಳಿಯನದು 14. ಬ್ರೇಕ್ ಮಾವನದು, ಹಾಗಾಗಿ ಬಿಳಿ. ಮಾವ ಎರಡು ಬಿಳಿ ಹಾಕಿ ಮೂರನೆಯದು ತಪ್ಪಿದರು. ಅಳಿಯ ಮೂರು ಕರಿ ಹಾಕಿದ, ನಾಲ್ಕನೇ ಹೊಡೆತಕ್ಕೆ ಸ್ಟ್ರೈಕರ್ ಒಂದೇ ಬಿತ್ತು. ಒಂದು ಕರಿ ಹೊರಗೆ. ಈಗ ಅವನದು ಎರಡೇ.

ಮಾವ ಇನ್ನೆರಡು ಬಿಳಿ ಹಾಕಿದರು, ನಾಲ್ಕಾಯಿತು. ರೆಡ್ ಕೂಡ ಹಾಕಿದರು. ಕವರ್‌ಗೆ ಇದ್ದ ಬಿಳಿ ಪಾಕೆಟ್‌ನ ಅಂಚಿಗೆ ಬಡಿದು ಆಚೆ ಬಂತು. ‘ಮಾಮಾ, ಕವರ್ ಆಗ್ಲಿಲ್ಲ, ರೆಡ್ ಕೊಡ್ರಿ’ ಅಂತ ಅಳಿಯ ಅದನ್ನು ತೆಗೆದುಕೊಂಡು ನಡುವೆ ಇಟ್ಟ. ತನ್ನ ಸರದಿಯಲ್ಲಿ ಅದೇ ರೆಡ್ ಹಾಕಿ ಒಂದು ಕರಿಯಿಂದ ಕವರ್ ಮಾಡಿದ. ಮತ್ತೆರಡು ಕರಿ ಹಾಕಿ ತಪ್ಪಿದ. ಅವನದು ಐದು ಬಿದ್ದವು, ನಾಲ್ಕು ಉಳಿದವು. ಆಮೇಲೆ ಮಾವ ಉಳಿದ ಐದೂ ಬಿಳಿ ಒಂದೇ ಸರದಿಯಲ್ಲಿ ಮುಗಿಸಿದರು.

ಬೋರ್ಡ್ ಮಾವನದು. ಉಳಿದ ಕರಿ ನಾಲ್ಕು, ಹಾಗಾಗಿ ಪಾಯಿಂಟ್ 4. ರೆಡ್ ಕವರ್ ಮಾಡಿದ್ದು ಅಳಿಯ, ಅವನು ಸೋತ, ಆ 3 ಹೋಯಿತು. 19ಕ್ಕೆ 4 ಸೇರಿ 23. ಆ ಬಿಳಿ ಅಂಚಿಗೆ ಬಡಿಯದೆ ಒಳಗೆ ಹೋಗಿದ್ದರೆ ಕವರ್ ಮಾವನದಾಗುತ್ತಿತ್ತು. ಉಳಿದ ಕಾಯಿನ್ ನಾಲ್ಕೇ ಇದ್ದಿದ್ದರೂ 4 ಮತ್ತು 3 ಸೇರಿ 7 ಬರುತ್ತಿತ್ತು, ಗೇಮ್ ಅಲ್ಲೇ ಮುಗಿಯುತ್ತಿತ್ತು.

ಈಗ 23–14. ಇಲ್ಲೊಂದು ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. 22 ಅಥವಾ ಅದಕ್ಕಿಂತ ಜಾಸ್ತಿ ಆದವರಿಗೆ ರೆಡ್‌ನ 3 ಸಿಗುವುದಿಲ್ಲ. 21ರವರೆಗೆ ಮಾತ್ರ. ಮಾವ ಇನ್ನು ರೆಡ್ ಕವರ್ ಮಾಡಿ ಗೆದ್ದರೂ ಉಳಿದ ಕಾಯಿನ್ ಲೆಕ್ಕ ಮಾತ್ರ. ಅಳಿಯನ ಒಂದೇ ಕಾಯಿನ್ ಉಳಿದರೆ 24ಕ್ಕೆ ನಿಲ್ಲುತ್ತಾರೆ. ಹಾಗಂತ ಮಾವ ರೆಡ್ ಬಿಟ್ಟುಬಿಡಬಹುದಾ? ಬಿಡಬಾರದು. ಕವರ್ ಆಗದೆ ಅವರು ಕೊನೆಯ ಕಾಯಿನ್ ಹಾಕುವಂತಿಲ್ಲ. ಜೊತೆಗೆ ಅಳಿಯನದು ಇನ್ನೂ 14, ಅವನಿಗೆ 3 ಪೂರ್ತಿ ಸಿಗುತ್ತದೆ.

ಎರಡನೇ ಬೋರ್ಡ್‌ನ ಬ್ರೇಕ್ ಅಳಿಯನದು, ಈಗ ಅವನದು ಬಿಳಿ. ಮಾವ ಒಂದು ಕರಿ ಹಾಕುವಷ್ಟರಲ್ಲಿ ಅವನು ರೆಡ್ ಕವರ್ ಮಾಡಿ ಒಂಬತ್ತೂ ಬಿಳಿ ಮುಗಿಸಿದ. ಉಳಿದ ಕರಿ 8, ರೆಡ್ 3, ಒಟ್ಟು 11. 14ಕ್ಕೆ 11 ಸೇರಿ ಸರಿಯಾಗಿ 25. ಗೇಮ್ ಅಳಿಯನದು. ರೆಡ್ ಮಾವ ಕವರ್ ಮಾಡಿಟ್ಟಿದ್ದರೆ ಇದೇ ಬೋರ್ಡ್ ಗೆದ್ದರೂ ಅವನು 22ಕ್ಕೆ ನಿಲ್ಲುತ್ತಿದ್ದ, ಇನ್ನೊಂದು ಬೋರ್ಡ್ ಆಡಬೇಕಾಗುತ್ತಿತ್ತು.

25 ಯಾರೂ ಮುಟ್ಟದೆ ಆಟ ಎಳೆಯುತ್ತಾ ಹೋದರೆ 8 ಬೋರ್ಡ್‌ಗೆ ನಿಲ್ಲಿಸಬೇಕು. ಆಗ ಮುಂದಿರುವವರು ಗೆದ್ದಂತೆ. ಸಮ ಆಗಿದ್ದರೆ ಇನ್ನೊಂದು ಬೋರ್ಡ್ ಆಡಿ ತೀರ್ಮಾನ. ಪಂದ್ಯ ಅಂದ್ರೆ ಮೂರು ಗೇಮ್, ಎರಡು ಗೆದ್ದವರದು ಪಂದ್ಯ. ಲೆಕ್ಕ ಬಾಯಲ್ಲಿ ಇಟ್ಟುಕೊಳ್ಳಬೇಡಿ. ಒಂದು ಚೀಟಿಯಲ್ಲಿ ಪ್ರತಿ ಬೋರ್ಡ್‌ಗೆ ಉಳಿದ ಕಾಯಿನ್ ಎಷ್ಟು, ರೆಡ್ ಕವರ್ ಮಾಡಿದ್ದು ಯಾರು ಅಂತ ಎರಡೂ ಬರೆಯಿರಿ.