ಮೊದಲ ಸಂಬಳ, ಅಪ್ಪನ ಲೆಕ್ಕ

ಕೆಲಸ ಸಿಕ್ಕಾಗ ವರ್ಷಕ್ಕೆ 3.6 ಲಕ್ಷ ಅಂದಿದ್ದೆ. ಅಪ್ಪ ಅಲ್ಲೇ ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ ಮೂವತ್ತು ಸಾವಿರ ಅಂತ ನಮ್ಮ ಹರಿಹರದ ಬೀದಿಗೆಲ್ಲ ಹೇಳಿಬಿಟ್ಟಿದ್ದರು. ಬ್ಯಾಂಕಿಗೆ ಬಿದ್ದದ್ದು 26,200.

"ಉಳಿದ 3,800 ಎಲ್ಲಿ ಹೋಯ್ತವ್ವ?" ಅಪ್ಪನ ಮೊದಲ ಪ್ರಶ್ನೆ. ಎರಡನೆಯದು, "ಪಕ್ಕದ ಮನೆಯವರಿಗೆ ಏನಂತ ಹೇಳಲಿ?"

ರಜಕ್ಕೆ ಊರಿಗೆ ಹೋದಾಗ ಪೇ ಸ್ಲಿಪ್ ಹಿಡಿದು ಇಬ್ಬರೂ ಕೂತೆವು. ನನ್ನ ಬೇಸಿಕ್ 15,000. ಅದರ ಶೇಕಡಾ 12, ಅಂದರೆ 1,800 ರೂಪಾಯಿ, ನನ್ನ ಕಡೆಯಿಂದ ಪಿಎಫ್‌ಗೆ. ಕಂಪನಿ ಕಟ್ಟುವುದೂ ಅಷ್ಟೇ. ಆದರೆ ಕಂಪನಿಯವರು ತಮ್ಮ ಪಾಲನ್ನೂ ಆ 3.6 ಲಕ್ಷದೊಳಗೇ ಸೇರಿಸಿರುತ್ತಾರೆ. ಹಾಗಾಗಿ ಸ್ಲಿಪ್‌ನಲ್ಲಿ ಒಟ್ಟು ಸಂಬಳವೇ 28,200. ಅದರಲ್ಲಿ ನನ್ನ 1,800 ಮತ್ತು ವೃತ್ತಿ ತೆರಿಗೆ 200 ಕಳೆದರೆ ಲೆಕ್ಕ ಸರಿಹೋಗುತ್ತದೆ. ಕಂಪನಿಯ ಪಾಲಿನಲ್ಲಿ ಸುಮಾರು 1,250 ಪಿಂಚಣಿ ಖಾತೆಗೆ, ಉಳಿದದ್ದು ಪಿಎಫ್‌ಗೆ.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಒಂದು ಬೋಲ್ಟು ಕಡಿಮೆಯಾದರೂ ಮನೆಗೆ ಬರುವವರಲ್ಲ. ಇನ್ನೊಂದು ಸಲ ಕೂಡಿದರು. "ಹಂಗಾದ್ರೆ ಪಿಎಫ್ಫು, ಪಿಂಚಣಿ ಎಲ್ಲ ನಿಂದೇ. ಸರ್ಕಾರಕ್ಕೆ ಹೋಗಿದ್ದು ಬರೀ ಇನ್ನೂರು. ನಾನು ಬೀದೀಲಿ ಹೇಳಿದ್ರಲ್ಲಿ ಇನ್ನೂರು ರೂಪಾಯಿ ಮಾತ್ರ ಸುಳ್ಳು!" ಮುಖ ಅರಳಿತು.

ಆಮೇಲೆ ನನ್ನ ಪಿಎಫ್‌ನ ಯುಎಎನ್ ನಂಬರ್ ಆ್ಯಕ್ಟಿವೇಟ್ ಮಾಡಿ ನಾಮಿನಿ ಹಾಕಲು ಕೂತೆ. ಸುಮ್ನೆ ಮುಂದೂಡುವ ಕೆಲಸವಲ್ಲ ಇದು. ಆಧಾರ್‌ನಲ್ಲಿರುವ ಹೆಸರು, ಹುಟ್ಟಿದ ದಿನ ಪಿಎಫ್ ದಾಖಲೆಗೆ ಹೊಂದದಿದ್ದರೆ ಮುಂದೆ ಹಣ ತೆಗೆಯುವಾಗ ತಕರಾರು ಬರುತ್ತದೆ. ಅಪ್ಪ ಅಮ್ಮನಿಗೆ ಅರ್ಧ ಅರ್ಧ ಹಾಕಿದೆ. "ನಂದ್ಯಾಕೆ? ನಾನು ನಿನಗಿಂತ ಮುಂಚೆ ಹೋಗೋನು. ಎಲ್ಲ ಅಮ್ಮಂಗೇ ಹಾಕು" ಅಂದರು. ಅಮ್ಮ ಅಡುಗೆಮನೆಯಿಂದಲೇ, "ನಾನೇನು ಚಿರಂಜೀವಿನಾ?" ಅಂದಳು.

ಹೇಗೂ ಕೂತಿದ್ದೇವೆ ಅಂತ ಅಪ್ಪನ ಪಿಎಫ್ ಪಾಸ್‌ಬುಕ್ಕನ್ನೂ ತೆರೆದೆ. ನಾನು ಇಂಜಿನಿಯರಿಂಗ್ ಸೇರಿದ ವರ್ಷ ಅದರಿಂದ ದೊಡ್ಡ ಮೊತ್ತ ತೆಗೆದಿದ್ದರು.

"ಇದೇನಪ್ಪ?"

"ನಿನ್ನ ಫೀಸು. ಮಕ್ಕಳ ಓದಿಗೆ ಅಡ್ವಾನ್ಸ್ ಕೊಡ್ತಾರೆ."

ಏಳು ವರ್ಷ ಸರ್ವೀಸ್ ಆಗಿದ್ದರೆ ತನ್ನ ಪಾಲಿನಲ್ಲಿ ಅರ್ಧದವರೆಗೆ ತೆಗೆಯಬಹುದು ಅನ್ನೋದು ಆಗಿನ ನಿಯಮ. ಆ ಹಣ ವಾಪಸ್ ಕಟ್ಟಬೇಕಿಲ್ಲ. ಆದರೆ ನಿವೃತ್ತಿಯಾದಾಗ ಕೈಗೆ ಬರುವುದು ಅಷ್ಟು ಕಡಿಮೆ, ಬಡ್ಡಿಯೂ ಕಡಿಮೆ. ಅವತ್ತು ಅಪ್ಪ ನನಗೆ ಹೇಳಿದ್ದು ಒಂದೇ ಮಾತು: "ಬೋನಸ್ ಬಂದಿದೆ." ನಾನು ನಂಬಿ ಹೊಸ ಬ್ಯಾಗನ್ನೂ ಕೇಳಿದ್ದೆ. ಅದನ್ನೂ ಕೊಡಿಸಿದ್ದರು.

ಥ್ಯಾಂಕ್ಸ್ ಅಂದರೆ ಅಪ್ಪ ಎದ್ದು ನೀರು ಕುಡಿಯಲು ಹೋಗುತ್ತಾರೆ. ಅದಕ್ಕೇ ದಾವಣಗೆರೆಗೆ ಬೆಣ್ಣೆ ದೋಸೆಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ನನ್ನದು ಶಕ್ತಿ ಟಿಕೆಟ್, ಸೊನ್ನೆ. ಅಪ್ಪನ ಟಿಕೆಟ್ ನಾನೇ ತೆಗೆದೆ. ದೋಸೆ ಮುಗಿದು ಬಿಲ್ ಬಂತು. ಅಪ್ಪನ ಕೈ ಅಭ್ಯಾಸದಂತೆ ಜೇಬಿಗೆ ಹೋಯಿತು. ಹಿಡಿದುಕೊಂಡೆ.

"ಬಿಡಪ್ಪ, ಬೋನಸ್ ಬಂದಿದೆ."