ಕೊನೆಯ ಪಂಕ್ತಿಗೂ ಹೋಳಿಗೆ: ಪರಿಚಯದೊಳಗೆ ಗ್ರಾಹಕರ ಮಾತು ಕೂರಿಸುವ ಬಗೆ

ಮುಂಬಯಿಯ ಕನ್ನಡಿಗರು ನಡೆಸುವ ಸಣ್ಣ ಉದ್ಯೋಗಗಳಿಗೆ ಪರಿಚಯ ಬರೆದುಕೊಡುವುದು ನನ್ನ ಕೆಲಸ. ಅಡುಗೆ ಗುತ್ತಿಗೆ, ಹೊಲಿಗೆ, ಸಂಗೀತ ಪಾಠ, ಮನೆಯ ಒಳಾಂಗಣ, ಯಾವುದೇ ಇರಲಿ. ಆ ಪರಿಚಯ ಸಂಘದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ, ವಾಟ್ಸಾಪ್‌ನಲ್ಲಿ ಓಡಾಡುತ್ತದೆ, ಒಮ್ಮೊಮ್ಮೆ ವೇದಿಕೆಯ ಮೇಲೆ ಓದಿಸಿಕೊಳ್ಳುತ್ತದೆ. ತೊಡಕು ಎಲ್ಲ ಕಡೆಯೂ ಒಂದೇ. ತಮ್ಮ ಕೆಲಸ ಚೆನ್ನ ಎಂದು ತಾವೇ ಹೇಳಿಕೊಳ್ಳಲು ಒಳ್ಳೆಯ ಕೆಲಸಗಾರರಿಗೆ ಬಾಯಿ ಬರುವುದಿಲ್ಲ. ಹೇಳಿಕೊಂಡರೆ ಓದುವವರು ನಂಬುವುದಿಲ್ಲ. ಆ ಮಾತನ್ನು ಗ್ರಾಹಕರಿಂದ ಹೇಳಿಸಿ, ಪರಿಚಯದ ಒಳಗೆ ಹೊಂದಿಸುವ ನನ್ನ ಕ್ರಮವನ್ನು ಒಂದು ಉದಾಹರಣೆ ಹಿಡಿದು ಬಿಡಿಸುತ್ತೇನೆ.

ಡೊಂಬಿವಲಿಯ ಒಬ್ಬ ಅಡುಗೆಯವರು ಎಂದುಕೊಳ್ಳಿ. ಹದಿನಾಲ್ಕು ವರ್ಷಗಳಿಂದ ಉಪನಯನ, ಗೃಹಪ್ರವೇಶ, ಸತ್ಯನಾರಾಯಣ ಪೂಜೆಗಳಿಗೆ ಉಡುಪಿ ಕ್ರಮದ ಅಡುಗೆ ಮಾಡುತ್ತಿದ್ದಾರೆ. ಜೊತೆಗೆ ಆರು ಜನರ ತಂಡ. ಅವರ ಹಳೆಯ ಪರಿಚಯ ಹೀಗಿದೆ:

“ರುಚಿ, ಶುಚಿ ಹಾಗೂ ಸಮಯಪಾಲನೆಗೆ ಹೆಸರಾದ, ಮುಂಬಯಿ ಕನ್ನಡಿಗರ ಅಚ್ಚುಮೆಚ್ಚಿನ ಅಡುಗೆಯವರು. ಗ್ರಾಹಕರ ಸಂತೃಪ್ತಿಯೇ ನಮ್ಮ ಧ್ಯೇಯ.”

ಇದರಲ್ಲಿ ಸುಳ್ಳೇನೂ ಇಲ್ಲದಿರಬಹುದು. ಆದರೆ ಹೆಸರು ಬದಲಿಸಿ ಬೇರೆ ಯಾವ ಅಡುಗೆಯವರಿಗೆ ಅಂಟಿಸಿದರೂ ಇದು ಅಂಟುತ್ತದೆ. ಇದರ ಕೆಳಗೆ ಗ್ರಾಹಕರ ನಾಲ್ಕು ಮೆಚ್ಚುಗೆಗಳನ್ನು ಸಾಲಾಗಿ ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಅವೂ ಇದೇ ಜಾತಿಯವಾಗಿರುತ್ತವೆ. “ಊಟ ಸೂಪರ್, ಎಲ್ಲರೂ ಹೊಗಳಿದರು” ಎಂದು ವಾಟ್ಸಾಪ್‌ಗೆ ಬಂದ ಮಾತು ಸಂತೋಷಕ್ಕೆ ಸರಿ, ಪರಿಚಯಕ್ಕೆ ಸಾಲದು. ಅದರಲ್ಲಿ ನಡೆದದ್ದು ಏನೂ ಇಲ್ಲ.

ಹಾಗಾಗಿ ಬರೆಯುವುದಕ್ಕಿಂತ ಮೊದಲು ಕೇಳುವ ಕೆಲಸ. “ನಮ್ಮ ಬಗ್ಗೆ ನಾಲ್ಕು ಮಾತು ಬರೆದುಕೊಡಿ” ಎಂದರೆ ಯಾರಾದರೂ ವಿಶೇಷಣಗಳನ್ನೇ ಕೊಡುತ್ತಾರೆ. ನಾನು ಮೂರು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಇವರಿಗೆ ಒಪ್ಪಿಸುವ ಮೊದಲು ನಿಮಗೆ ಏನು ಅಳುಕಿತ್ತು? ಆ ದಿನ ಯಾವ ಹೊತ್ತಿಗೆ ‘ಇನ್ನು ಚಿಂತೆಯಿಲ್ಲ’ ಅನಿಸಿತು? ಆಮೇಲೆ ಬಂಧುಗಳಲ್ಲಿ ಯಾರಾದರೂ ಇವರ ಬಗ್ಗೆ ಕೇಳಿದಾಗ ಏನೆಂದಿರಿ? ಎರಡನೆಯ ಪ್ರಶ್ನೆಗೇ ಬಹುತೇಕ ಬೇಕಾದ ಉತ್ತರ ಸಿಗುತ್ತದೆ, ಏಕೆಂದರೆ ಅದು ಅಭಿಪ್ರಾಯವನ್ನಲ್ಲ, ಒಂದು ಗಳಿಗೆಯನ್ನು ಕೇಳುತ್ತದೆ. ಫೋನಿನಲ್ಲಿ ಕೇಳಿ, ಅವರ ಅನುಮತಿಯಿಂದ ಧ್ವನಿ ಉಳಿಸಿಕೊಳ್ಳುವುದು ಒಳ್ಳೆಯದು. ಬರೆಯಲು ಕೂತರೆ ಜನ ಗ್ರಾಂಥಿಕರಾಗುತ್ತಾರೆ, ಮಾತಾಡುವಾಗ ಆಗುವುದಿಲ್ಲ. ಕೇಳುವ ಹೊತ್ತೂ ಮುಖ್ಯ: ಕಾರ್ಯಕ್ರಮ ಮುಗಿದು ಒಂದು ವಾರದೊಳಗೆ, ಆದರೆ ಲೆಕ್ಕ ಚುಕ್ತಾ ಆದ ಮೇಲೆ. ಬಾಕಿ ಇರುವಾಗ ಕೇಳಿದರೆ ಹೊಗಳಿಕೆ ಚೌಕಾಸಿಯೊಂದಿಗೆ ಬೆರೆಯುತ್ತದೆ.

ಮುಲುಂಡ್‌ನಲ್ಲಿ ಗೃಹಪ್ರವೇಶ ಮಾಡಿದ ಮನೆಯವರ ಉತ್ತರ ಹೀಗೆ ಬಂತೆನ್ನಿ:

“ಊಟ ತುಂಬಾ ಚೆನ್ನಾಗಿತ್ತು. ನಾವು 150 ಜನ ಅಂದಿದ್ದೆವು, ಬಂದದ್ದು 200ರ ಹತ್ತಿರ. ನನಗೆ ಕೈಕಾಲು ಬಿದ್ದೇ ಹೋಯಿತು. ಅವರು ನಮ್ಮನ್ನು ಒಂದು ಮಾತೂ ಕೇಳದೆ ಇನ್ನೊಂದು ಹಂಡೆ ಅನ್ನಕ್ಕಿಟ್ಟರು. ಕೊನೆ ಪಂಕ್ತಿಗೂ ಹೋಳಿಗೆ ಬಂತು. ಸಾರು ಮಾತ್ರ ಸ್ವಲ್ಪ ತೆಳ್ಳಗಾಗಿತ್ತು. ಇಡೀ ಮುಂಬಯಿಯಲ್ಲಿ ಇಂಥವರು ಸಿಗಲಿಕ್ಕಿಲ್ಲ.”

ಮೊದಲ ವಾಕ್ಯ ಎಲ್ಲರೂ ಹೇಳುವಂಥದು, ಬಿಡಬಹುದು. ಕೊನೆಯದನ್ನು ಬಿಡಲೇಬೇಕು. ಹೇಳಿದವರು ಪ್ರೀತಿಯಿಂದಲೇ ಹೇಳಿದ್ದಾರೆ, ಆದರೆ ಇಡೀ ಮುಂಬಯಿಯ ಅಡುಗೆಯವರನ್ನು ಅವರು ನೋಡಿಲ್ಲ ಎಂಬುದು ಓದುಗರಿಗೆ ಗೊತ್ತು. ಆ ಒಂದು ಮಾತು ಉಳಿದ ನಿಜವನ್ನೂ ಶಂಕೆಗೆ ತಳ್ಳುತ್ತದೆ. ನಡುವಿನ ಎರಡು ಮಾತು ಚಿನ್ನ: “150 ಜನ ಅಂದಿದ್ದೆವು, ಬಂದದ್ದು 200ರ ಹತ್ತಿರ... ಕೊನೆ ಪಂಕ್ತಿಗೂ ಹೋಳಿಗೆ ಬಂತು.” ಇದರಲ್ಲಿ ಒಂದೂ ಹೊಗಳಿಕೆಯ ಪದವಿಲ್ಲ. ಕೊನೆಯ ಪಂಕ್ತಿಯಲ್ಲಿ ಕೂತು ಎಲೆಯ ಮೇಲೆ ಹೋಳಿಗೆ ಕಾಣದೆ ಎದ್ದವರಿಗೆಲ್ಲ ಇದರ ಬೆಲೆ ತಾನಾಗಿ ತಿಳಿಯುತ್ತದೆ.

ಕತ್ತರಿಸುವಾಗ ನನ್ನ ನಿಯಮ ಬಿಗಿಯಾದದ್ದು: ತೆಗೆಯಬಹುದು, ಸೇರಿಸುವಂತಿಲ್ಲ, ಹಿಂದುಮುಂದು ಮಾಡುವಂತಿಲ್ಲ. ತೆಗೆದ ಕಡೆ ಮೂರು ಚುಕ್ಕೆ. “ಅಂದಿದ್ದೆವು” ಎಂಬುದನ್ನು “ತಿಳಿಸಿದ್ದೆವು” ಎಂದು ತಿದ್ದುವುದಿಲ್ಲ. ಆಡುಮಾತಿನ ಒರಟುತನವೇ ಅದು ಬೇರೆಯವರ ಮಾತು ಎಂಬುದಕ್ಕೆ ಸಾಕ್ಷಿ. ಪರಿಚಯದ ಭಾಷೆಯೂ ಗ್ರಾಹಕರ ಭಾಷೆಯೂ ಒಂದೇ ಅಚ್ಚಿನಲ್ಲಿ ಬಂದರೆ ಎರಡನ್ನೂ ಒಬ್ಬರೇ ಬರೆದರೆಂದು ಓದುಗರಿಗೆ ಕೂಡಲೇ ಗೊತ್ತಾಗುತ್ತದೆ. ಸಾರು ತೆಳ್ಳಗಾದ ಮಾತನ್ನು ಬಿಟ್ಟದ್ದು ಮೋಸವೇ ಎಂದು ಕೇಳಬಹುದು. ನಾವು ಉದ್ಧರಿಸಿದ್ದು ಹೋಳಿಗೆಯ ವಿಷಯವನ್ನು; ಸಾರಿನ ಬಗ್ಗೆ ಏನೂ ಹೇಳಿಲ್ಲ. “ಎಲ್ಲವೂ ಕೊನೆಯವರೆಗೆ ಒಂದೇ ಹದದಲ್ಲಿತ್ತು” ಎಂಬ ಅರ್ಥ ಬರುವಂತೆ ಕತ್ತರಿಸಿದ್ದರೆ ಅದು ಮೋಸ.

ಈಗ ಕೂರಿಸುವ ಜಾಗ. ಪರಿಚಯದ ಮೊದಲ ಸಾಲಿನಲ್ಲಿ ಗ್ರಾಹಕರ ಮಾತು ಇಟ್ಟರೆ ಯಾರ ಬಗ್ಗೆ ಎಂದು ತಿಳಿಯುವ ಮೊದಲೇ ಮೆಚ್ಚುಗೆ ಎದುರಾಗುತ್ತದೆ, ಅದು ಜಾಹೀರಾತಿನ ರೀತಿ. ಕೊನೆಯ ಸಾಲಿನಲ್ಲಿಟ್ಟರೆ ಬಾಲವಾಗುತ್ತದೆ. ನಾನು ಅದನ್ನು ಒಂದು ನಿರ್ದಿಷ್ಟ ವಾಕ್ಯದ ಬೆನ್ನಿಗೆ ಇಡುತ್ತೇನೆ: ಆ ಫಲ ಹೇಗೆ ಬಂತು ಎಂಬ ಕೆಲಸದ ಕ್ರಮವನ್ನು ಹೇಳುವ ವಾಕ್ಯದ ಬೆನ್ನಿಗೆ. ಕ್ರಮವನ್ನು ಕೆಲಸಗಾರರೇ ಹೇಳಬಹುದು, ಅದರಲ್ಲಿ ಜಂಬವಿಲ್ಲ. ಫಲವನ್ನು ಮಾತ್ರ ಉಂಡವರು ಹೇಳಬೇಕು. ಅದಕ್ಕಾಗಿ ಅಡುಗೆಯವರನ್ನು ಕೇಳಬೇಕು: 150 ಎಂದವರ ಮನೆಯಲ್ಲಿ 200 ಜನಕ್ಕೆ ಹೋಳಿಗೆ ಎಲ್ಲಿಂದ ಬಂತು? ಅನ್ನವನ್ನು ಆಗಿಂದಾಗ ಇಡಬಹುದು, ಹೂರಣವನ್ನು ಆಗಿಂದಾಗ ರುಬ್ಬಲಾಗುವುದಿಲ್ಲ. ಕಣಕ, ಹೂರಣಗಳನ್ನು ಹೇಳಿದ ಲೆಕ್ಕಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಒಯ್ಯುವ ರೂಢಿ ತಮ್ಮದು ಎಂದು ಅವರು ಹೇಳುತ್ತಾರೆ. ಬೇಕಾದ ವಾಕ್ಯ ಸಿಕ್ಕಿತು:

“ಡೊಂಬಿವಲಿಯ ಈ ತಂಡ 14 ವರ್ಷಗಳಿಂದ ಉಪನಯನ, ಗೃಹಪ್ರವೇಶ, ಪೂಜೆಗಳಿಗೆ ಉಡುಪಿ ಕ್ರಮದ ಸಸ್ಯಾಹಾರಿ ಅಡುಗೆ ಮಾಡುತ್ತಿದೆ. 50ರಿಂದ 300 ಎಲೆಯವರೆಗಿನ ಕಾರ್ಯಕ್ರಮಗಳನ್ನು ಒಪ್ಪಿಕೊಳ್ಳುತ್ತಾರೆ. ಕಣಕ, ಹೂರಣಗಳನ್ನು ಹೇಳಿದ ಲೆಕ್ಕಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚು ಒಯ್ಯುವುದು ಇವರ ರೂಢಿ. ಮುಲುಂಡ್‌ನಲ್ಲಿ ಗೃಹಪ್ರವೇಶಕ್ಕೆ ಅಡುಗೆ ಮಾಡಿಸಿದ ಮನೆಯವರು ಹೇಳಿದ್ದು: ‘150 ಜನ ಅಂದಿದ್ದೆವು, ಬಂದದ್ದು 200ರ ಹತ್ತಿರ... ಕೊನೆ ಪಂಕ್ತಿಗೂ ಹೋಳಿಗೆ ಬಂತು.’ ಜನ ಇದಕ್ಕಿಂತ ಹೆಚ್ಚಾಗುವಂತಿದ್ದರೆ ಎರಡು ದಿನ ಮೊದಲು ತಿಳಿಸಬೇಕು. ಶ್ರಾವಣ, ಮಾಘಗಳಿಗೆ ಮುಂಗಡವಾಗಿ ದಿನ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.”

ಎರಡು ದಿನದ ಆ ಷರತ್ತು ಸುಮ್ಮನೆ ಬಂದದ್ದಲ್ಲ. ಗ್ರಾಹಕರ ಮಾತನ್ನು ಮುಂದಿನ ಗ್ರಾಹಕರು ಭರವಸೆಯಾಗಿ ಓದುತ್ತಾರೆ. “ಎಷ್ಟು ಜನ ಬಂದರೂ ಇವರು ಸುಧಾರಿಸುತ್ತಾರೆ” ಎಂದು ನಂಬಿ 150 ಹೇಳಿ 300 ಜನರನ್ನು ಕೂರಿಸಿದರೆ ಗತಿಯೇನು? ಮಿತಿಯನ್ನು ಮೆಚ್ಚುಗೆಯ ಪಕ್ಕದಲ್ಲೇ ಹೇಳಿದರೆ ಆ ಅಪಾಯ ತಪ್ಪುತ್ತದೆ, ಮೆಚ್ಚುಗೆಯೂ ಹದಕ್ಕೆ ಬರುತ್ತದೆ.

ಉದ್ಧರಣೆಯ ಮುಂದಿನ ಕ್ರಿಯಾಪದವನ್ನೂ ಗಮನಿಸಿ: “ಹೇಳಿದ್ದು”. “ಮನತುಂಬಿ ಹಾರೈಸಿದ್ದು”, “ಕೊಂಡಾಡಿದ್ದು” ಎಂದೆಲ್ಲ ಬರೆದರೆ ಹೊಗಳುವವರು ಮತ್ತೆ ನಾವೇ ಆಗುತ್ತೇವೆ. ಉದ್ಧರಣೆ ಮುಗಿದ ಮೇಲೆ “ಇದೇ ಇವರ ಬದ್ಧತೆಗೆ ಸಾಕ್ಷಿ” ಎಂದು ವ್ಯಾಖ್ಯಾನ ಸೇರಿಸುವುದೂ ಅದೇ ತಪ್ಪು. ಇನ್ನು ಪರಿಚಯ ‘ನಾನು’ ಎಂಬ ಧಾಟಿಯಲ್ಲಿದ್ದರೆ, “ಗ್ರಾಹಕರು ನನ್ನನ್ನು ಅನ್ನಪೂರ್ಣೆ ಎನ್ನುತ್ತಾರೆ” ಎಂಬಂಥ ವಾಕ್ಯ ಹತ್ತಿರಕ್ಕೂ ಸುಳಿಯಬಾರದು. ಯಾರು, ಎಲ್ಲಿ, ಯಾವ ಕಾರ್ಯಕ್ರಮಕ್ಕೆ ಎಂದಿಲ್ಲದ “ಗ್ರಾಹಕರು” ಯಾರೂ ಅಲ್ಲ.

ವೇದಿಕೆಯಲ್ಲಿ ಓದುವ ಪರಿಚಯಕ್ಕೆ ಒಂದು ಬೇರೆ ಎಚ್ಚರ ಬೇಕು. ಉದ್ಧರಣ ಚಿಹ್ನೆ ಕಣ್ಣಿಗೆ ಕಾಣುತ್ತದೆ, ಕಿವಿಗೆ ಕೇಳುವುದಿಲ್ಲ. ಕನ್ನಡದಲ್ಲಿ “...ಎಂದು ಮುಲುಂಡ್‌ನ ಮನೆಯವರು ಹೇಳಿದರು” ಎಂದು ಹೇಳಿದವರನ್ನು ಕೊನೆಗೆ ಇಡುವುದು ಸಹಜ. ಆದರೆ ನಿರೂಪಕರು ಹಾಗೆ ಓದಿದಾಗ “ಎಂದು” ಬರುವವರೆಗೂ ಸಭೆ ಅದನ್ನು ನಿರೂಪಕರದೇ ಹೊಗಳಿಕೆ ಎಂದುಕೊಳ್ಳುತ್ತದೆ, ಪಕ್ಕದಲ್ಲೇ ಕೂತ ಸನ್ಮಾನಿತರು ತಲೆ ತಗ್ಗಿಸುತ್ತಾರೆ. ಅದಕ್ಕೇ ಹೇಳಿದವರನ್ನು ಮೊದಲು ತಂದು, “ಹೇಳಿದ್ದು” ಎಂದು ನಿಲ್ಲಿಸಿ, ಆಮೇಲೆ ಮಾತು. ಹಸ್ತಪ್ರತಿಯಲ್ಲಿ ಅಲ್ಲಿಗೊಂದು ಹೊಸ ಸಾಲು ಮಾಡಿಕೊಟ್ಟರೆ ನಿರೂಪಕರು ತಾವಾಗಿ ಉಸಿರು ತೆಗೆದುಕೊಳ್ಳುತ್ತಾರೆ.

ಇನ್‌ಸ್ಟಾಗ್ರಾಮ್‌ನ ಪರಿಚಯಕ್ಕೆ 150 ಅಕ್ಷರಗಳ ಮಿತಿ. ಕನ್ನಡದಲ್ಲಿ ಗುಣಿತದ ಚಿಹ್ನೆ, ಒತ್ತು ಎಲ್ಲವೂ ಬೇರೆಬೇರೆಯಾಗಿ ಎಣಿಕೆಯಾಗುತ್ತವೆ. ‘ಪಂಕ್ತಿಗೂ’ ಎಂಬುದೊಂದೇ ಎಂಟು ತಿನ್ನುತ್ತದೆ. ಅಲ್ಲಿಗೆ ಇಷ್ಟು ಸಾಕು: “ಡೊಂಬಿವಲಿ | ಉಡುಪಿ ಶೈಲಿ ಸಸ್ಯಾಹಾರಿ ಅಡುಗೆ, 50–300 ಎಲೆ | ‘ಕೊನೆ ಪಂಕ್ತಿಗೂ ಹೋಳಿಗೆ ಬಂತು’ – ಗೃಹಪ್ರವೇಶ, ಮುಲುಂಡ್”. ಇದು ನೂರರ ಆಸುಪಾಸು. ಉಳಿದ ಜಾಗ ಫೋನ್ ನಂಬರಿಗೆ.

ಮುಂಬಯಿಯಲ್ಲಿ ಅರ್ಧಕ್ಕರ್ಧ ಗ್ರಾಹಕರು ಮಾತಾಡುವುದು ಮರಾಠಿ ಅಥವಾ ಹಿಂದಿ. ಅನುವಾದಿಸಿದ ಮಾತನ್ನು ಅವರದೇ ಪದಗಳೆಂಬಂತೆ ಉದ್ಧರಣ ಚಿಹ್ನೆಯೊಳಗೆ ಹಾಕುವುದು ಸರಿಯಲ್ಲ. “ಮರಾಠಿಯಲ್ಲಿ ಹೇಳಿದ ಮಾತಿನ ಕನ್ನಡ” ಎಂದು ಸೂಚಿಸಬೇಕು, ಇಲ್ಲವೇ ಚಿಹ್ನೆ ತೆಗೆದು ಸಾರವನ್ನಷ್ಟೇ ಹೇಳಬೇಕು. ಚಿಕ್ಕ ಮಾತಾದರೆ ಮರಾಠಿಯನ್ನೇ ಕನ್ನಡ ಲಿಪಿಯಲ್ಲಿ ಬಿಡುತ್ತೇನೆ. ಇಲ್ಲಿನ ಓದುಗರಿಗೆ ಅದು ಅರ್ಥವಾಗುತ್ತದೆ, ಹೇಳಿದವರ ದನಿಯೂ ಉಳಿಯುತ್ತದೆ.

ಒಪ್ಪಿಗೆ ಕೇಳುವಾಗ “ನಿಮ್ಮ ಮಾತು ಬಳಸಿಕೊಳ್ಳಲೇ” ಎಂದು ಕೇಳಿದರೆ ಸಾಲದು. ಕತ್ತರಿಸಿದ ಅಂತಿಮ ರೂಪ, ಅವರನ್ನು ಹೇಗೆ ಗುರುತಿಸಿದ್ದೇವೆ, ಎಲ್ಲೆಲ್ಲಿ ಬರುತ್ತದೆ, ಮೂರನ್ನೂ ಒಂದೇ ಸಂದೇಶದಲ್ಲಿ ಕಳಿಸಿ, “ಒಪ್ಪಿದೆ” ಎಂಬ ಉತ್ತರವನ್ನು ಇಟ್ಟುಕೊಳ್ಳುತ್ತೇನೆ. ಹೆಸರು ಬೇಡವೆಂದರೆ ಊರು ಮತ್ತು ಕಾರ್ಯಕ್ರಮ ಸಾಕು. ಅಡುಗೆಯವರ ನೆಂಟರ ಮಾತು ಎಷ್ಟೇ ಚೆನ್ನಾಗಿದ್ದರೂ ಬಳಸುವುದಿಲ್ಲ. ಮುಂಬಯಿ ಕನ್ನಡಿಗರ ವಲಯ ಚಿಕ್ಕದು, ನೆಂಟಸ್ತಿಕೆ ಎಲ್ಲರಿಗೂ ಗೊತ್ತಿರುತ್ತದೆ.

ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಜೂನ್ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಕೇಳುತ್ತದೆ: ಅನುಮೋದನೆಯ ಮಾತು ಹೇಳಿದವರ ನಿಜವಾದ, ಸದ್ಯದ ಅಭಿಪ್ರಾಯವಾಗಿರಬೇಕು, ಅನುಭವ ಅಥವಾ ಸಾಕಷ್ಟು ಮಾಹಿತಿಯ ಮೇಲೆ ನಿಂತಿರಬೇಕು. ಕೆಲವು ವೃತ್ತಿಗಳಿಗೆ ಈ ದಾರಿಯೇ ಹೊಂದುವುದಿಲ್ಲ. ವಕೀಲರಿಗೆ ಬಾರ್ ಕೌನ್ಸಿಲ್‌ನ 36ನೆಯ ನಿಯಮ, ಚಾರ್ಟರ್ಡ್ ಅಕೌಂಟೆಂಟರಿಗೆ 1949ರ ಕಾಯ್ದೆ, ವೈದ್ಯರಿಗೆ ಅವರ ನಡತೆಯ ನಿಯಮಾವಳಿ ಜಾಹೀರಾತಿನ ವಿಷಯದಲ್ಲಿ ಕಟ್ಟುಪಾಡು ಹಾಕಿವೆ. ಅವರ ಪರಿಚಯದಲ್ಲಿ ನಾನು ಕಕ್ಷಿದಾರರ ಅಥವಾ ರೋಗಿಗಳ ಮಾತನ್ನು ಸೇರಿಸುವುದೇ ಇಲ್ಲ. ಓದು, ಅನುಭವದ ವರ್ಷ, ಕೆಲಸದ ಕ್ಷೇತ್ರ, ಇಷ್ಟಕ್ಕೇ ನಿಲ್ಲಿಸುತ್ತೇನೆ.

ಸದ್ಯದ ಅಭಿಪ್ರಾಯ ಎಂಬ ಮಾತಿಗೆ ಕೆಲಸದಲ್ಲೂ ತೂಕವಿದೆ. ಅಡುಗೆಯವರ ತಂಡ ಬದಲಾದರೆ, ಹೋಳಿಗೆ ಮಾಡುತ್ತಿದ್ದವರು ಊರಿಗೆ ಮರಳಿದರೆ, ಹೋಳಿಗೆಯನ್ನು ಹೊರಗಿನಿಂದ ತರಿಸತೊಡಗಿದರೆ ಮುಲುಂಡ್‌ನವರ ಮಾತು ಆ ದಿನಕ್ಕೇ ಹಳತಾಯಿತು. ಆಗ ಅದನ್ನು ತೆಗೆದು, ಈಗಿನ ಕೈಯಡುಗೆ ಉಂಡವರಲ್ಲಿ ಅದೇ ಮೂರು ಪ್ರಶ್ನೆಗಳನ್ನು ಮತ್ತೆ ಕೇಳಬೇಕು.