ಪೆಟ್ರೋಲ್ ಟ್ಯಾಂಕಿನ ಕ್ಯಾಪ್ ಬಿಗಿ ಮಾಡಿದರೂ ಚೆಕ್ ಎಂಜಿನ್ ಲೈಟ್ ಆರಲಿಲ್ಲ, ಯಾಕೆ?

ನನ್ನ ಪೆಟ್ರೋಲ್ ಕಾರಿನಲ್ಲಿ ಚೆಕ್ ಎಂಜಿನ್ ಲೈಟ್ ಹತ್ತಿದ್ದು ಬಂಕಿನಿಂದ ಹೊರಟ ಕೂಡಲೇ ಅಲ್ಲ, ಒಂದೆರಡು ದಿನ ಓಡಿಸಿದ ಮೇಲೆ. ಪಿಕಪ್, ಮೈಲೇಜ್, ಸದ್ದು ಎಲ್ಲವೂ ಎಂದಿನಂತೆಯೇ ಇತ್ತು. ಲೈಟ್ ಮಿನುಗದೆ ಒಂದೇ ಸಮನೆ ಉರಿಯುತ್ತಿದ್ದುದರಿಂದ ಗಾಬರಿಯಾಗಲಿಲ್ಲ. ಮಿನುಗಿದ್ದರೆ ಮಿಸ್‌ಫೈರ್ ಇರಬಹುದು, ಆಗ ಓಡಿಸುತ್ತಾ ಹೋಗಬಾರದು. ಸ್ಕ್ಯಾನರ್ ಹಾಕಿದಾಗ P0457 ಎಂಬ ದೋಷದ ಕೋಡ್ ಬಂತು. ಟ್ಯಾಂಕಿನ ಪೆಟ್ರೋಲ್ ಆವಿ ಎಲ್ಲೋ ಸೋರುತ್ತಿದೆ, ಮೊದಲು ಕ್ಯಾಪ್ ನೋಡಿ ಎಂದು ಅದರ ಅರ್ಥ.

ಕ್ಯಾಪ್ ತೆಗೆದು ನೋಡಿದೆ. ಅದನ್ನು ಕಾರಿಗೆ ಕಟ್ಟಿರುವ ಪ್ಲಾಸ್ಟಿಕ್ ದಾರ ಕ್ಯಾಪಿಗೂ ಟ್ಯಾಂಕಿನ ಬಾಯಿಗೂ ನಡುವೆ ಸಿಕ್ಕಿಕೊಂಡಿತ್ತು. ತಿರುಗಿಸಿದಾಗ ಟಕ್ ಟಕ್ ಸದ್ದು ಬಂದರೂ ಒಳಗೆ ಸೀಲ್ ಕೂತಿರಲಿಲ್ಲ. ಹಾಗಾಗಿ ಆ ಸದ್ದೊಂದನ್ನೇ ನಂಬುವಂತಿಲ್ಲ. ರಬ್ಬರ್ ವಾಷರನ್ನು ಬೆರಳಿನಿಂದ ಸುತ್ತಲೂ ಸವರಿದೆ. ಬಿರುಕಾಗಲಿ ಗಟ್ಟಿಯಾಗಿರುವುದಾಗಲಿ ಕಾಣಲಿಲ್ಲ. ಬಾಯಂಚಿನ ಧೂಳು ಒರೆಸಿ, ದಾರ ಪಕ್ಕಕ್ಕೆ ಸರಿಸಿ, ಮತ್ತೆ ಮುಚ್ಚಿದೆ.

ಆದರೂ ಲೈಟ್ ಆರಲಿಲ್ಲ. ಇಲ್ಲೇ ಹೆಚ್ಚಿನವರು ‘ಕ್ಯಾಪ್ ಕಾರಣ ಅಲ್ಲ’ ಎಂದುಕೊಂಡು ಬೇರೆ ಪಾರ್ಟ್ ಬದಲಾಯಿಸಲು ಹೊರಡುತ್ತಾರೆ. ಆದರೆ ಕ್ಯಾಪ್ ಮುಚ್ಚಿದೆಯೋ ಇಲ್ಲವೋ ಎಂದು ಹೇಳುವ ಸ್ವಿಚ್ ಸಾಮಾನ್ಯವಾಗಿ ಇರುವುದಿಲ್ಲ. ಕಂಪ್ಯೂಟರ್ ಆವಿಯ ವ್ಯವಸ್ಥೆಯನ್ನು ಮುಚ್ಚಿ, ಒಳಗಿನ ಒತ್ತಡ ನಿಲ್ಲುತ್ತದೆಯೇ ಎಂದು ತಾನೇ ಪರೀಕ್ಷಿಸಿ ತಿಳಿಯಬೇಕು. ಆ ಪರೀಕ್ಷೆ ಪ್ರತಿ ಸಲ ಕಾರು ಓಡಿಸಿದಾಗಲೂ ನಡೆಯುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಎಂಜಿನ್ ಹಲವು ಗಂಟೆ ನಿಂತು ಪೂರ್ತಿ ತಣ್ಣಗಾಗಿರಬೇಕು, ಟ್ಯಾಂಕಿನಲ್ಲಿ ಸುಮಾರು 15ರಿಂದ 85 ಶೇಕಡಾ ಪೆಟ್ರೋಲ್ ಇರಬೇಕು. ನಾನೋ, ಕ್ಯಾಪ್ ಸರಿ ಮಾಡಿದ ಮೇಲೆ ಟ್ಯಾಂಕ್ ಫುಲ್ ಮಾಡಿಸಿದ್ದೆ. ಮುಳ್ಳು ಕೆಳಗಿಳಿಯುವವರೆಗೆ ಪರೀಕ್ಷೆ ಶುರುವಾಗುವ ಹಾಗೇ ಇರಲಿಲ್ಲ.

ಪರೀಕ್ಷೆ ಒಮ್ಮೆ ಪಾಸಾದರೂ ಸಾಲದು. ಸ್ಟಾರ್ಟ್ ಮಾಡಿ, ಓಡಿಸಿ, ಆಫ್ ಮಾಡುವ ಒಂದು ಸುತ್ತೇ ಡ್ರೈವ್ ಸೈಕಲ್. ಸಾಮಾನ್ಯವಾಗಿ ಅಂಥ ಸತತ ಮೂರು ಡ್ರೈವ್ ಸೈಕಲ್‌ಗಳಲ್ಲಿ ಪಾಸಾದ ಮೇಲೇ ಲೈಟ್ ಆರುತ್ತದೆ. ದಿನಾ ಓಡಿಸುವವರಿಗೆ ಕೆಲವು ದಿನ ಸಾಕಾಗಬಹುದು. ಬಿಟ್ಟು ಬಿಟ್ಟು ಓಡಿಸಿದರೆ ವಾರವೋ ಎರಡು ವಾರವೋ ಹಿಡಿದೀತು. ನನ್ನದು ಟ್ಯಾಂಕ್ ಮುಕ್ಕಾಲಿಗಿಂತ ಕೆಳಗೆ ಬಂದ ಮೇಲೆ, ಒಂದು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ತಾನಾಗಿ ಆರಿತ್ತು. ಕೋಡ್ ಮಾತ್ರ ಮೆಮೊರಿಯಲ್ಲಿ ಇನ್ನೂ ಕೆಲಕಾಲ ಉಳಿದಿರುತ್ತದೆ.

ಸ್ಕ್ಯಾನರಿನಿಂದ ಅಳಿಸಿದ್ದರೆ ಲೈಟ್ ಆ ಕ್ಷಣವೇ ಹೋಗುತ್ತಿತ್ತು. ಆದರೆ ಅಳಿಸಿದಾಗ ಕಾರಿನ ಎಲ್ಲ ಸ್ವಯಂ-ಪರೀಕ್ಷೆಗಳೂ ಮೊದಲಿನಿಂದ ಶುರುವಾಗಬೇಕು. ಸ್ಕ್ಯಾನರ್ ಹಾಕಿ ನೋಡುವ ಹೊಗೆ ತಪಾಸಣೆ ಹತ್ತಿರವಿದ್ದರೆ ಅದೇ ತೊಡಕಾಗುತ್ತದೆ. ಅಳಿಸಿದ ಮೇಲೆ, ಅಥವಾ ಸಾಕಷ್ಟು ಕಾದ ಮೇಲೆ, ಅದೇ ಕೋಡ್ ಮತ್ತೆ ಬಂದರೆ ಮೊದಲು ಹೊಸ ಕ್ಯಾಪ್ ಹಾಕಿ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಆವಿಯ ಪೈಪ್ ಅಥವಾ ಆ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್‌ನಲ್ಲಿ ಸೋರಿಕೆ ಹುಡುಕಬೇಕು, ಅದಕ್ಕೆ ಗ್ಯಾರೇಜಿನಲ್ಲಿ ಹೊಗೆ ಹಾಯಿಸಿ ನೋಡುವ ಯಂತ್ರ ಬೇಕು.